ಗುರುಗಳಿಗೆ ಒಂದು ಕಾಗದ, ಪರೀಕ್ಷೆಗೆ ಮುನ್ನ

ಸಂಕ್ರಾಂತಿಯ ಎಳ್ಳುಬೆಲ್ಲದ ಡಬ್ಬಿ ಖಾಲಿಯಾಗುವ ಹೊತ್ತಿಗೆ ಹತ್ತನೆಯ ತರಗತಿಯ ಮಕ್ಕಳಿರುವ ಮನೆಗಳಲ್ಲಿ ಟಿ.ವಿ. ಸದ್ದು ತಗ್ಗುತ್ತದೆ. ಗಣಪತಿಯ ಮುಂದೆ ಪೆನ್ನು, ಪ್ರವೇಶಪತ್ರ ಇಟ್ಟು ಪೂಜೆ ಮಾಡಿಸುತ್ತಾರೆ. ಮನೆಯ ಹಿರಿಯರ ಕಾಲಿಗೆ ಬಿದ್ದು ಹೊರಡುವ ರೂಢಿ ಇನ್ನೂ ಉಳಿದಿದೆ. ಮೊದಲ ಬಾರಿಗೆ ಲೆಕ್ಕ ಹೇಳಿಕೊಟ್ಟ, ಈಗ ಬೇರೆ ಊರಿನಲ್ಲಿರುವ ಗುರುಗಳ ಕಾಲಿಗೆ ಬೀಳುವುದು ಹೇಗೆ? ಅದಕ್ಕೆ ನಮ್ಮ ಕಾಲದಲ್ಲಿ ಕಾಗದವಿತ್ತು. ಈಗಲೂ ಇದೆ, ಬರೆಯುವ ಬಗೆ ಮಾತ್ರ ಅನೇಕರಿಗೆ ಮರೆತಿದೆ. ಮೊಬೈಲಿನಲ್ಲಿ ಕೈಮುಗಿದ ಚಿತ್ರ ಕಳಿಸಿದರೆ ಆಗದೇ ಎಂದು ಮಕ್ಕಳು ಕೇಳುತ್ತಾರೆ. ಆಗುತ್ತದೆ. ಆದರೆ ಆ ಚಿತ್ರಕ್ಕೆ ಇನ್ನೊಂದು ಚಿತ್ರವೇ ಉತ್ತರವಾಗಿ ಬರುತ್ತದೆ, ಅಲ್ಲಿಗೆ ಮುಗಿಯಿತು. ಕಾಗದದಲ್ಲಿ ಏನು ಬೇರೆ ನಡೆಯುತ್ತದೆ ಎಂಬುದನ್ನು ನಮ್ಮ ಎದುರು ಮನೆಯ ಹುಡುಗಿ ಬರೆದ ಒಂದು ಪತ್ರವನ್ನೇ ಇಟ್ಟುಕೊಂಡು ಹೇಳುತ್ತೇನೆ. ಅವಳ ಒಪ್ಪಿಗೆ ಪಡೆದಿದ್ದೇನೆ. ಹೆಸರು ಮಾತ್ರ ಬೇಡ ಅಂದಳು. ಆದ್ದರಿಂದ ಶಾಲೆಯ ಮಾದರಿ ಪತ್ರಗಳಲ್ಲಿ ಬರುವ ಹಾಗೆ ಅವಳನ್ನು ‘ಅಬಕ’ ಎಂದು ಕರೆಯೋಣ.

ಅವಳು ಐದನೆಯ ತರಗತಿಯವರೆಗೆ ಸೊರಬ ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಓದಿದವಳು. ಅಲ್ಲಿ ಗಣಿತ ಹೇಳಿಕೊಟ್ಟ ಮೇಷ್ಟ್ರು ಅವಳಿಗೆ ಅಚ್ಚುಮೆಚ್ಚು. 2020ರ ಮಾರ್ಚ್‌ನಲ್ಲಿ ಕೊರೊನಾದಿಂದ ಶಾಲೆಗಳು ಇದ್ದಕ್ಕಿದ್ದ ಹಾಗೆ ಮುಚ್ಚಿದವಲ್ಲ, ಆ ಬೇಸಿಗೆಯಲ್ಲೇ ಮೇಷ್ಟ್ರಿಗೆ ಅರವತ್ತು ತುಂಬಿ ನಿವೃತ್ತಿಯಾಯಿತು. ಬೀಳ್ಕೊಡುಗೆ ಇಲ್ಲ, ಹಾರ ಇಲ್ಲ, ಮಕ್ಕಳ ಮುಖವನ್ನೂ ನೋಡಲಾಗಲಿಲ್ಲ. ಅವರು ಶಿರಸಿಯಲ್ಲಿರುವ ಮಗನ ಮನೆಗೆ ಹೋದರು, ಈ ಹುಡುಗಿ ಶಿವಮೊಗ್ಗಕ್ಕೆ ಬಂದಳು. ಐದು ವರ್ಷ ಆದ ಮೇಲೆ, 2025ರ ಜನವರಿ ಕೊನೆಯಲ್ಲಿ, ಎರಡೂವರೆ ಪುಟದ ಒಂದು ಕರಡನ್ನು ಹಿಡಿದು ನಮ್ಮ ಜಗಲಿಗೆ ಬಂದಳು. “ಅಜ್ಜ, ಮೇಷ್ಟ್ರಿಗೆ ಕಾಗದ ಬರೆದಿದೀನಿ, ಸರಿ ಇದೆಯಾ ನೋಡಿ. ಅವರಿಗೆ ನನ್ನ ನೆನಪೇ ಇಲ್ಲದಿದ್ರೆ?” ಅಂದಳು.

ಕರಡು ಹೀಗೆ ಶುರುವಾಗಿತ್ತು: ‘ಜ್ಞಾನಸಾಗರರೂ, ಕರುಣಾಮಯಿಗಳೂ, ಸಾಕ್ಷಾತ್ ದೇವರ ಪ್ರತಿರೂಪವೂ ಆದ ತಮಗೆ ನನ್ನ ಕೋಟಿ ಕೋಟಿ ನಮನಗಳು.’ ಮೊದಲ ಪುಟವೆಲ್ಲ ಇದೇ ದಾರಿ. ಎರಡನೆಯ ಪುಟದಲ್ಲಿ ತಾನು ಬೆಳಿಗ್ಗೆ ಎಷ್ಟು ಗಂಟೆಗೆ ಏಳುತ್ತೇನೆ, ಯಾವ ಟ್ಯೂಷನ್ನಿಗೆ ಹೋಗುತ್ತೇನೆ ಎಂಬ ವಿವರ. ನಡುವೆ ಒಂದು ಸಾಲು: ‘ಈಗಿನ ಗಣಿತ ಟೀಚರ್ ಹೇಳಿಕೊಡುವುದು ನಿಮ್ಮಷ್ಟು ಚೆನ್ನಾಗಿಲ್ಲ.’ ಕೊನೆಗೆ: ‘ನನಗೆ 625ಕ್ಕೆ 600ರ ಮೇಲೆ ಅಂಕ ಬರುವಂತೆ ಆಶೀರ್ವದಿಸಬೇಕಾಗಿ ವಿನಂತಿ.’

ಬರವಣಿಗೆ ಕೆಟ್ಟದ್ದೇನಲ್ಲ. ಆದರೆ ಆ ಎರಡೂವರೆ ಪುಟದಲ್ಲಿ ಮೇಷ್ಟ್ರೂ ಇರಲಿಲ್ಲ, ಹುಡುಗಿಯೂ ಇರಲಿಲ್ಲ. ಅದನ್ನು ಯಾವ ವಿದ್ಯಾರ್ಥಿ ಯಾವ ಗುರುಗಳಿಗೆ ಬೇಕಾದರೂ ಕಳಿಸಬಹುದಿತ್ತು.

ತಿದ್ದುವ ಮೊದಲು ಅವಳಿಗೆ ಒಂದು ಪದದ ಅರ್ಥ ಹೇಳಿದೆ. ಆಶೀರ್ವಾದ ಸಂಸ್ಕೃತದಿಂದ ಬಂದ ಪದ. ‘ಆಶಿಸ್’ ಮತ್ತು ‘ವಾದ’ ಎರಡು ಸೇರಿ ಆಗಿದೆ. ಆಶಿಸ್ ಎಂದರೆ ಒಳ್ಳೆಯದಾಗಲಿ ಎಂಬ ಹಾರೈಕೆ. ವಾದ ಎಂದರೆ ಇಲ್ಲಿ ಜಗಳದ ವಾದ ಅಲ್ಲ, ಬರೀ ಮಾತು. ಎರಡೂ ಸೇರುವಾಗ ‘ಶಿ’ ಎಂಬುದು ‘ಶೀ’ ಎಂದು ದೀರ್ಘವಾಗುತ್ತದೆ, ಮುಂದೆ ಒಂದು ಅರ್ಕಾವತ್ತು ಬರುತ್ತದೆ. ‘ಆಶಿರ್ವಾದ’ ಎಂದು ಹ್ರಸ್ವ ಬರೆಯುವವರು ಬಹಳ ಮಂದಿ, ಅದು ತಪ್ಪು. ಅಂದರೆ ನಾವು ಗುರುಗಳಲ್ಲಿ ಬೇಡುವುದು ಒಂದು ಒಳ್ಳೆಯ ಮಾತನ್ನು. ಅಂಕ ಕೊಡುವುದು ಅವರ ಕೈಯಲ್ಲಿಲ್ಲ. ಶಿರಸಿಯಲ್ಲಿ ಕೂತಿರುವ ನಿವೃತ್ತ ಮೇಷ್ಟ್ರಿಗೆ 600 ಕೊಡಿಸಿ ಎಂದು ಬರೆದರೆ ಅವರು ಏನು ಮಾಡಿಯಾರು? ‘ಬರಲಿ’ ಅನ್ನುತ್ತಾರೆ, ಬರದಿದ್ದರೆ ತಾವೇ ಸಂಕಟಪಡುತ್ತಾರೆ.

“ಸರಿ, ನಿನ್ನ ಕಾಗದ ಓದಿ ಅವರು ಏನು ಹೇಳಬೇಕು ಅಂತ ನಿನ್ನಾಸೆ?” ಎಂದು ಕೇಳಿದೆ.

ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಗಣಿತಕ್ಕೆ ಹೆದರಬೇಡ ಅಂತ” ಅಂದಳು.

“ನೀನು ಹೆದರಿದೀಯ ಅಂತ ಅವರಿಗೆ ಗೊತ್ತಾಗೋದು ಹೇಗೆ? ಕಾಗದದಲ್ಲಿ ಎಲ್ಲೂ ಇಲ್ವಲ್ಲ?”

ಆಗ ಹೊರಬಂತು. ಶಾಲೆಯಲ್ಲಿ ಜನವರಿಯಲ್ಲಿ ನಡೆಸಿದ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಗಣಿತಕ್ಕೆ 80ಕ್ಕೆ 34 ಬಂದಿತ್ತು. ಮನೆಯಲ್ಲಿ ಅಪ್ಪನಿಗೆ ಹೇಳಿದ್ದಳು, ಅಮ್ಮನಿಗೂ ಗೊತ್ತು. ಆದರೆ ಮೇಷ್ಟ್ರಿಗೆ ಹೇಳಲು ನಾಚಿಕೆ. “ಅವರ ಹತ್ತಿರ ನಾನು ಯಾವಾಗಲೂ ಲೆಕ್ಕದಲ್ಲಿ ಮುಂದೆ ಇದ್ದೆ ಅಜ್ಜ. ಇದನ್ನು ಬರೆದರೆ ಅವರಿಗೆ ಬೇಜಾರಾಗಲ್ವಾ?” ಅಂದಳು. ಕರಡಿನ ಎರಡೂವರೆ ಪುಟ ಇದನ್ನು ಮುಚ್ಚಿಡಲಿಕ್ಕೇ ಬರೆದದ್ದು ಎಂದು ನನಗೆ ಆಗ ಅನ್ನಿಸಿತು. ಹೊಗಳಿಕೆ ಹೆಚ್ಚಾದ ಕಾಗದಗಳಲ್ಲಿ ಹೀಗೆ ಹೇಳದೆ ಬಿಟ್ಟ ಸಂಗತಿ ಒಂದು ಇರುತ್ತದೆ. ಅಜ್ಜ ಅಜ್ಜಿಯರು ಮೊಮ್ಮಕ್ಕಳ ಕರಡು ಓದುವಾಗ ಇದನ್ನು ಗಮನಿಸಬಹುದು.

34 ಎಂಬ ಅಂಕಿ ಕಾಗದದಲ್ಲಿ ಇರಬೇಕು ಎಂದು ಇಬ್ಬರೂ ತೀರ್ಮಾನಿಸಿದೆವು. ಆದರೆ ಒಂದೇ ವಾಕ್ಯದಲ್ಲಿ, ಅಳುವ ದನಿ ಇಲ್ಲದೆ. ಈಗಿನ ಟೀಚರ್ ಮೇಲಿನ ದೂರನ್ನು ಪೂರ್ತಿ ಹೊಡೆದುಹಾಕಿಸಿದೆ. ಒಬ್ಬ ಗುರುವಿನ ಆಶೀರ್ವಾದ ಕೇಳುವ ಕಾಗದದಲ್ಲಿ ಇನ್ನೊಬ್ಬ ಗುರುವನ್ನು ತೂಗಿ ನೋಡುವುದನ್ನು ಯಾವ ಮೇಷ್ಟ್ರೂ ಮೆಚ್ಚುವುದಿಲ್ಲ.

ಇನ್ನು ಹೊಗಳಿಕೆಯ ಬದಲು ಏನು ಬರೆಯುವುದು? ಆ ಗುರುಗಳು ಕಲಿಸಿದ, ನೀನು ಈಗಲೂ ಬಳಸುತ್ತಿರುವ ಒಂದು ಸಂಗತಿ ಹೇಳು ಅಂದೆ. ಹುಡುಗಿ ಥಟ್ಟನೆ “ತಾಳೆ ನೋಡೋದು” ಅಂದಳು. ಭಾಗಾಕಾರ ಮಾಡಿ ಉತ್ತರ ಬಂದ ಕೂಡಲೇ ಸ್ಲೇಟು ಕೆಳಗಿಡಲು ಮೇಷ್ಟ್ರು ಬಿಡುತ್ತಿರಲಿಲ್ಲವಂತೆ. 725ನ್ನು 12ರಿಂದ ಭಾಗಿಸು ಎಂದರೆ ಅರ್ಧ ತರಗತಿ ಭಾಗಲಬ್ಧ 6, ಶೇಷ 5 ಎಂದು ಬರೆಯುತ್ತಿತ್ತು. 12 ಆರಲಿ 72, ಕೆಳಗೆ 5 ಇಳಿಸಿದರೆ ಅದರಲ್ಲಿ 12 ಹೋಗುವುದಿಲ್ಲ, ಅಲ್ಲಿ ಒಂದು ಸೊನ್ನೆ ಇಡಬೇಕು. ಅದನ್ನು ಮಕ್ಕಳು ಮರೆಯುತ್ತಾರೆ. ಮೇಷ್ಟ್ರು ತಪ್ಪು ಅನ್ನುತ್ತಿರಲಿಲ್ಲ. “ಹಿಂದಕ್ಕೆ ಹೋಗು” ಅನ್ನುತ್ತಿದ್ದರು. 12ನ್ನು 6ರಿಂದ ಗುಣಿಸಿ 5 ಕೂಡಿದರೆ 77 ಬರುತ್ತದೆ, 725 ಎಲ್ಲಿ, 77 ಎಲ್ಲಿ! ಮಗುವಿಗೆ ತಾನೇ ತಿಳಿಯುತ್ತದೆ. 60 ಎಂದು ತಿದ್ದಿ, 12 ಅರವತ್ತಲಿ 720, ಅದಕ್ಕೆ 5 ಕೂಡಿ 725 ಬಂದ ಮೇಲೆ ಸ್ಲೇಟು ಕೆಳಗೆ.

ಹತ್ತನೆಯ ತರಗತಿಯ ವರ್ಗ ಸಮೀಕರಣಕ್ಕೂ ಇದೇ ತಾಳೆ ಹೊಂದುತ್ತದೆ. ಮೂಲಗಳು 2 ಮತ್ತು 3 ಎಂದು ಬಂದರೆ ಅವನ್ನು ಮತ್ತೆ ಸಮೀಕರಣದಲ್ಲಿ ಇಟ್ಟು ಸೊನ್ನೆ ಬರುತ್ತದೆಯೇ ನೋಡಿದರಾಯಿತು. ಜೀವಮಾನವೆಲ್ಲ ಲೆಡ್ಜರಿನಲ್ಲಿ ತಾಳೆ ನೋಡಿದ ನನ್ನಂಥವನಿಗೆ ಈ ಮೇಷ್ಟ್ರನ್ನು ಕಾಣದೆಯೇ ಗೌರವ ಹುಟ್ಟಿತು. ಜ್ಞಾನಸಾಗರ ಎಂಬ ಪದಕ್ಕಿಂತ ‘ಹಿಂದಕ್ಕೆ ಹೋಗು’ ಎಂಬ ಎರಡು ಪದ ಅವರಿಗೆ ಹೆಚ್ಚು ಸಂತೋಷ ಕೊಡುತ್ತವೆ ಎಂದು ಹುಡುಗಿಗೆ ಹೇಳಿದೆ. ಅದೇ ಪದಗಳಿಂದ ಅವಳ ನೆನಪೂ ಅವರಿಗೆ ಬರುತ್ತದೆ.

ಈಗ ಕಾಗದದ ಕಟ್ಟು ನೋಡೋಣ. ಹಾಳೆಯ ತಲೆಯ ಮೇಲೆ ನಡುವೆ ‘ಶ್ರೀ’. ಎಡಗಡೆ ‘ಕ್ಷೇಮ’. ಬಲಗಡೆ ಊರು, ತಾರೀಖು. ಈ ‘ಕ್ಷೇಮ’ ಎಂಬ ಎರಡಕ್ಷರಕ್ಕೆ ಒಂದು ಕೆಲಸವಿತ್ತು. ಹಿಂದೆ ದೂರದ ಊರಿನ ಕಾಗದ ಎಂದರೆ ಮನೆಯವರ ಎದೆ ಹೊಡೆದುಕೊಳ್ಳುತ್ತಿತ್ತು. ನಮ್ಮ ಮನೆಯಲ್ಲಿ ಅಂಚೆಯಣ್ಣ ಕಾಗದ ಕೊಟ್ಟೊಡನೆ ಅಜ್ಜಿ “ಮೇಲೆ ಕ್ಷೇಮ ಇದೆಯಾ ನೋಡು” ಎಂದು ಮೊದಲು ಕೇಳುತ್ತಿದ್ದರು. ಅದು ಇದ್ದರೆ ಉಳಿದದ್ದನ್ನು ನಿಧಾನವಾಗಿ ಓದಬಹುದು. ತಾರೀಖನ್ನು ಇಸವಿಯ ಸಮೇತ ಬರೆಯಿರಿ. ಬ್ಯಾಂಕಿನ ಕೌಂಟರಿನಲ್ಲಿ ತಾರೀಖಿಲ್ಲದ ಚೆಕ್ಕುಗಳನ್ನು ವಾಪಸು ಕೊಟ್ಟು ಕೊಟ್ಟು ನನಗೆ ಇದು ಅಂಟಿಕೊಂಡಿದೆ. ಆದರೆ ಗುರುಗಳು ಕಾಗದವನ್ನು ಎತ್ತಿಟ್ಟುಕೊಂಡರೆ ಹತ್ತು ವರ್ಷದ ಮೇಲೆ ಅವರಿಗೂ ಇಸವಿ ಬೇಕಾಗುತ್ತದೆ.

ಆಮೇಲೆ ಸಂಬೋಧನೆ. ‘ತೀರ್ಥರೂಪ’ ಎಂಬುದು ತಂದೆಗೆ, ತಂದೆಯ ಸಮಾನರಾದ ಬಂಧುಗಳಿಗೆ. ‘ಮಾತೃಶ್ರೀ’ ತಾಯಿಗೆ. ಗುರುಗಳಿಗೆ ‘ಪೂಜ್ಯ ಗುರುಗಳಿಗೆ’ ಎಂದರೆ ಸಾಕು. ‘ಪೂಜ್ಯನೀಯ’ ಎಂದು ಬರೆಯಬೇಡಿ. ‘ಪೂಜ್ಯ’ ಒಂದು ಪದ, ‘ಪೂಜನೀಯ’ ಇನ್ನೊಂದು ಪದ, ಎರಡನ್ನೂ ಕಲಸಿದರೆ ಆಗುವುದು ತಪ್ಪು. ಶಿಕ್ಷಕಿಯಾದರೆ ‘ಪೂಜ್ಯ ಗುರುಮಾತೆಯವರಿಗೆ’ ಎನ್ನಬಹುದು. ಉತ್ತರ ಕರ್ನಾಟಕದ ಮಕ್ಕಳು ಬಾಯಲ್ಲಿ ‘ಅಕ್ಕೋರು’ ಅನ್ನುತ್ತಾರೆ, ‘ಪೂಜ್ಯ ಅಕ್ಕೋರಿಗೆ’ ಎಂದು ಬರೆದರೂ ಅವರಿಗೆ ಸಂತೋಷವೇ ಆದೀತು. ಕಾಗದದ ಒಳಗೆ ಗುರುಗಳ ಹೆಸರು ಬರೆಯುವ ರೂಢಿ ಇಲ್ಲ. ಹೆಸರು ಲಕೋಟೆಯ ಮೇಲೆ.

ಸಂಬೋಧನೆಯ ಕೆಳಗೆ ನಮಸ್ಕಾರ. ಸಾಷ್ಟಾಂಗ ಎಂದರೆ ಎಂಟು ಅಂಗಗಳಿಂದ: ಎದೆ, ತಲೆ, ಕಣ್ಣು, ಮನಸ್ಸು, ಮಾತು, ಪಾದ, ಕೈ, ಮೊಣಕಾಲು. ಇದರಲ್ಲಿ ಮನಸ್ಸೂ ಮಾತೂ ಸೇರಿರುವುದರಿಂದ ಕಾಗದದ ಮೂಲಕವೂ ಎರಡು ಅಂಗದ ನಮಸ್ಕಾರ ತಲುಪುತ್ತದೆ ಎಂದು ನನ್ನ ತಮಾಷೆಯ ಲೆಕ್ಕ. ಹುಡುಗರು ‘ಸಾಷ್ಟಾಂಗ ನಮಸ್ಕಾರಗಳು’ ಎಂದು ಬರೆಯಬಹುದು. ಹೆಣ್ಣುಮಕ್ಕಳು ಉದ್ದಂಡ ನಮಸ್ಕಾರ ಹಾಕುವ ಪದ್ಧತಿ ಇಲ್ಲದ ಮನೆಗಳಲ್ಲಿ ‘ಭಕ್ತಿಪೂರ್ವಕ ನಮಸ್ಕಾರಗಳು’ ಸರಿ. ಗುರುಗಳು ಬೇರೆ ಧರ್ಮದವರಾಗಿದ್ದರೆ, ಅಥವಾ ಬರೆಯುವ ಮಗುವೇ ಬೇರೆ ಧರ್ಮದ್ದಾಗಿದ್ದರೆ ‘ಗೌರವಪೂರ್ವಕ ವಂದನೆಗಳು’ ಎಂದರೆ ಯಾರಿಗೂ ಮುಜುಗರವಿಲ್ಲ.

ಇಲ್ಲಿ ಮಕ್ಕಳು ಮಾಡುವ ಒಂದು ದೊಡ್ಡ ಎಡವಟ್ಟು ಇದೆ. ಹಿರಿಯರು ತಮಗೆ ಬರೆದ ಕಾಗದ ನೋಡಿ ಅದೇ ಮಾತನ್ನು ಹಿರಿಯರಿಗೆ ತಿರುಗಿಸಿ ಬರೆಯುತ್ತಾರೆ: ‘ಗುರುಗಳಿಗೆ ನನ್ನ ಆಶೀರ್ವಾದಗಳು’ ಎಂದು! ಆಶೀರ್ವಾದ ಮೇಲಿನಿಂದ ಕೆಳಗೆ ಬರುತ್ತದೆ, ನಮಸ್ಕಾರ ಕೆಳಗಿನಿಂದ ಮೇಲೆ ಹೋಗುತ್ತದೆ. ಹಾಗೆಯೇ ತನ್ನ ಹೆಸರಿನ ಹಿಂದೆ ತಾನೇ ‘ಚಿ.’ ಎಂದು ಬರೆದುಕೊಳ್ಳಬಾರದು. ಚಿ. ಎಂದರೆ ಚಿರಂಜೀವಿ, ಅದನ್ನು ಬೇರೆಯವರು ಹಾರೈಸಬೇಕು.

ಹಳೆಯ ಕಾಗದಗಳಲ್ಲಿ ಇದಾದ ಮೇಲೆ ‘ಉಭಯ ಕುಶಲೋಪರಿ ಸಾಂಪ್ರತ’ ಎಂಬ ಮಾತು ಬರುತ್ತಿತ್ತು. ಇಬ್ಬರ ಕುಶಲದ ಮಾತಾಯಿತು, ಇನ್ನು ಸದ್ಯದ ವಿಷಯ ಎಂದು ಅದರ ತಾತ್ಪರ್ಯ. ಅರ್ಥ ತಿಳಿಯದೆ ಬರೆಯುವುದಕ್ಕಿಂತ ‘ಇಲ್ಲಿ ನಾವೆಲ್ಲ ಕ್ಷೇಮ’ ಎಂದು ತಿಳಿಗನ್ನಡದಲ್ಲಿ ಬರೆಯಿರಿ.

‘ತಾವು’ ಎಂದು ಶುರುಮಾಡಿದರೆ ಕೊನೆಯವರೆಗೆ ‘ತಾವು’, ‘ತಮ್ಮ’, ‘ತಮಗೆ’ ಇರಲಿ. ನಮ್ಮ ಹುಡುಗಿಯ ಕರಡಿನಲ್ಲಿ ಮೊದಲ ಪುಟ ‘ತಾವು’, ಎರಡನೆಯ ಪುಟ ‘ನೀವು’ ಆಗಿತ್ತು. ನೀವು ಎಂದರೂ ಅಗೌರವವಲ್ಲ, ನಡುವೆ ಬದಲಾಯಿಸಿದರೆ ಮಾತ್ರ ಒಂದು ಮೆಟ್ಟಿಲು ಇಳಿದ ಹಾಗೆ ಕೇಳಿಸುತ್ತದೆ.

ಕೊನೆಯ ಸಹಿಯ ಸಾಲಿನಲ್ಲಿ ಒಂದು ಬಲೆ ಇದೆ: ‘ಇಂತಿ ತಮ್ಮ ವಿಧೇಯ ವಿದ್ಯಾರ್ಥಿನಿ’. ಅಕ್ಕಪಕ್ಕದ ಎರಡು ಪದ, ಒಂದರಲ್ಲಿ ಧ ಮಹಾಪ್ರಾಣ, ಇನ್ನೊಂದರಲ್ಲಿ ದ ಅಲ್ಪಪ್ರಾಣ. ವಿದ್ಯೆ ‘ವಿದ್’ ಎಂಬ ಧಾತುವಿನಿಂದ ಬಂದದ್ದು, ಅದಕ್ಕೆ ತಿಳಿ ಎಂಬ ಅರ್ಥ, ಅಲ್ಲಿ ಹೊಟ್ಟೆ ಸೀಳುವ ಹಾಗಿಲ್ಲ. ವಿಧೇಯ ಎಂದರೆ ಹೇಳಿದಂತೆ ಕೇಳುವವನು, ಅಲ್ಲಿ ಸೀಳಲೇಬೇಕು. ಗುರುಗಳಿಗೆ ಬರೆಯುವ ಕಾಗದದಲ್ಲಿ ‘ವಿಧ್ಯಾರ್ಥಿ’ ಎಂದಿದ್ದರೆ ಅವರ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ.

ಇಷ್ಟೆಲ್ಲ ಮಾತಾಡಿ ಹುಡುಗಿ ಮನೆಗೆ ಹೋಗಿ ಹೊಸದಾಗಿ ಬರೆದು ತಂದಳು. ಎರಡು ಕಡೆ ಕಾಗುಣಿತ ಬಿಟ್ಟರೆ ನಾನು ಏನನ್ನೂ ಮುಟ್ಟಲಿಲ್ಲ. ಕಾಗದ ಹೀಗಿತ್ತು:

॥ ಶ್ರೀ ॥

ಕ್ಷೇಮ

ಶಿವಮೊಗ್ಗ
10-2-2025

ಪೂಜ್ಯ ಗುರುಗಳಿಗೆ,

ತಮ್ಮ ಹಳೆಯ ವಿದ್ಯಾರ್ಥಿನಿ ಅಬಕ ಮಾಡುವ ಭಕ್ತಿಪೂರ್ವಕ ನಮಸ್ಕಾರಗಳು. ಇಲ್ಲಿ ನಾವೆಲ್ಲ ಕ್ಷೇಮ. ತಾವೂ ಅಮ್ಮನವರೂ ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ.

ನಾನು 2019-20ರಲ್ಲಿ ಐದನೆಯ ತರಗತಿಯಲ್ಲಿ ತಮ್ಮ ಹತ್ತಿರ ಓದಿದವಳು. ಶಾಲೆ ಮುಚ್ಚಿದ್ದರಿಂದ ತಾವು ಹೊರಡುವಾಗ ನಮಸ್ಕಾರ ಮಾಡಲು ಆಗಲಿಲ್ಲ. ಅದು ಈಗಲೂ ಮನಸ್ಸಿನಲ್ಲಿದೆ.

ನಾನೀಗ ಎಸ್.ಎಸ್.ಎಲ್.ಸಿ. ಓದುತ್ತಿದ್ದೇನೆ. ಮಾರ್ಚ್ 21ರಿಂದ ಪರೀಕ್ಷೆ. ಉಳಿದ ವಿಷಯಗಳು ಪರವಾಗಿಲ್ಲ. ಪೂರ್ವಸಿದ್ಧತಾ ಪರೀಕ್ಷೆಯ ಗಣಿತದಲ್ಲಿ ಮಾತ್ರ 80ಕ್ಕೆ 34 ಬಂದಿದೆ. ತಾವು ಭಾಗಾಕಾರಕ್ಕೆ ‘ಹಿಂದಕ್ಕೆ ಹೋಗು’ ಎಂದು ಹೇಳುತ್ತಿದ್ದುದನ್ನು ಈಗ ವರ್ಗ ಸಮೀಕರಣಕ್ಕೂ ಮಾಡುತ್ತಿದ್ದೇನೆ. ಆದರೂ ಭಯವಿದೆ.

ನಾನು ಧೈರ್ಯವಾಗಿ ಪರೀಕ್ಷೆ ಬರೆಯುವಂತೆ ತಾವು ಆಶೀರ್ವದಿಸಬೇಕೆಂದು ಬೇಡುತ್ತೇನೆ. ಅಮ್ಮನವರಿಗೂ ನನ್ನ ನಮಸ್ಕಾರಗಳನ್ನು ತಿಳಿಸಬೇಕು.

ಇಂತಿ ತಮ್ಮ ವಿಧೇಯ ವಿದ್ಯಾರ್ಥಿನಿ,
ಅಬಕ

ಒಂದು ಪುಟವೂ ತುಂಬಲಿಲ್ಲ. ವಯಸ್ಸಾದವರು ಕನ್ನಡಕ ಹುಡುಕಿಕೊಂಡು ಓದುವ ಕಾಗದಕ್ಕೆ ಈ ಅಳತೆ ಸರಿ. ‘600ರ ಮೇಲೆ ಅಂಕ ಬರುವಂತೆ’ ಎಂಬ ಮಾತು ಹೋಗಿ ‘ಧೈರ್ಯವಾಗಿ ಬರೆಯುವಂತೆ’ ಎಂದಾಗಿದೆ. ಅದು ಒಂದು ಒಳ್ಳೆಯ ಮಾತಿನಿಂದ ಸಿಗಬಹುದಾದ ವಸ್ತು.

ಮಕ್ಕಳೇ, ಕನ್ನಡ ಪತ್ರಿಕೆಯಲ್ಲೂ ಪತ್ರಲೇಖನದ ಪ್ರಶ್ನೆ ಬರುತ್ತದೆಂದು ನಿಮಗೆ ಗೊತ್ತಿದೆ. ಅಲ್ಲಿ ನಿಮ್ಮ ನಿಜವಾದ ಹೆಸರು, ಶಾಲೆ ಬರೆಯಬೇಡಿ. ನಿಮ್ಮನ್ನು ಇಂಥವರೆಂದು ಭಾವಿಸಿ ಬರೆಯಿರಿ ಎಂದು ಪ್ರಶ್ನೆಯಲ್ಲೇ ಹೆಸರು ಕೊಟ್ಟಿರುತ್ತಾರೆ, ಅದನ್ನೇ ಬಳಸಿ. ಪತ್ರಿಕೆ ಯಾರದೆಂದು ಮೌಲ್ಯಮಾಪಕರಿಗೆ ತಿಳಿಯಬಾರದು ಎಂಬುದೇ ಅದರ ಕಾರಣ.

ಇನ್ನು ಕಳಿಸುವ ಕೆಲಸ. ನೀಲಿ ಬಣ್ಣದ ಅಂತರ್ದೇಶೀಯ ಪತ್ರ ಇಂಥ ಕಾಗದಕ್ಕೆ ಅಳತೆಗೆ ಸರಿಯಾಗಿದೆ. ಆದರೆ ಅದರ ಒಳಗೆ ಬೇರೇನನ್ನೂ ಇಡುವಂತಿಲ್ಲ. ಗುರುಗಳು ಮಂತ್ರಾಕ್ಷತೆಯೋ ಕುಂಕುಮವೋ ಕಳಿಸುವವರಾದರೆ ಅವರಿಗೂ ಲಕೋಟೆಯೇ ಬೇಕು. ನಾವು ಲಕೋಟೆ ಆರಿಸಿದೆವು, ಕಾರಣ ಬೇರೆ. ನಿವೃತ್ತ ಮೇಷ್ಟ್ರು ಉತ್ತರ ಬರೆಯಲು ಕಾರ್ಡಿಗಾಗಿ ಅಂಚೆ ಕಚೇರಿಗೆ ನಡೆಯಬೇಕು, ನಮ್ಮ ವಿಳಾಸವನ್ನು ನಡುಗುವ ಕೈಯಲ್ಲಿ ಬರೆಯಬೇಕು. ಆದ್ದರಿಂದ ಹುಡುಗಿಯ ವಿಳಾಸ ಬರೆದ ಒಂದು ಖಾಲಿ ಪೋಸ್ಟ್‌ಕಾರ್ಡನ್ನು ಒಳಗೆ ಇಟ್ಟೆವು. ಹಿಂದೆ ಅನೇಕರು ಹೀಗೆ ಮಾಡುತ್ತಿದ್ದರು. ಉತ್ತರ ಬರೆಯಲೇಬೇಕೆಂಬ ಒತ್ತಾಯವೆಂದು ಯಾರೂ ತಿಳಿಯುತ್ತಿರಲಿಲ್ಲ, ಅದೊಂದು ಅನುಕೂಲ ಅಷ್ಟೆ.

ವಿಳಾಸವನ್ನು ಹುಡುಗಿ ಹಳೆಯ ಶಾಲೆಯವರಿಂದ ತರಿಸಿಕೊಂಡಿದ್ದಳು, ಪಿನ್‌ಕೋಡ್ ಇರಲಿಲ್ಲ. ಆರಂಕಿಯ ಈ ಸಂಖ್ಯೆ ನಮ್ಮ ದೇಶದಲ್ಲಿ 1972ರ ಆಗಸ್ಟ್ 15ರಂದು ಬಂದದ್ದು. ಮೊದಲ ಮೂರು ಅಂಕಿ ಕಾಗದ ಯಾವ ವಿಂಗಡಣಾ ಜಿಲ್ಲೆಗೆ ಹೋಗಬೇಕೆಂದು ಹೇಳುತ್ತವೆ, ಕೊನೆಯ ಮೂರು ಅಂಕಿ ಯಾವ ಅಂಚೆ ಕಚೇರಿಗೆ ಎಂದು. ಕರ್ನಾಟಕದ ಪಿನ್ 56, 57, 58 ಅಥವಾ 59ರಿಂದ ಶುರುವಾಗುತ್ತದೆ. ಶಿವಮೊಗ್ಗದ್ದು 577, ಶಿರಸಿಯದು 581. ನೀವು ಬರೆದ ಪಿನ್ ಬೇರೆ ಅಂಕಿಯಿಂದ ಶುರುವಾಗಿದ್ದರೆ ಡಬ್ಬಕ್ಕೆ ಹಾಕುವ ಮೊದಲೇ ತಪ್ಪು ತಿಳಿಯುತ್ತದೆ. ಇದೂ ಒಂದು ತಾಳೆ ತಾನೆ.

ಪರೀಕ್ಷೆಗೆ ಐದಾರು ವಾರ ಇರುವಾಗಲೇ ಹಾಕಿದ್ದರಿಂದ ಉತ್ತರ ಬರಲು ಸಮಯವಿತ್ತು. ಹಿಂದಿನ ದಿನ ಬರೆದರೆ ಕಾಗದ ತಲುಪುವಾಗ ಪರೀಕ್ಷೆ ಮುಗಿದಿರುತ್ತದೆ.

ಒಂಬತ್ತನೆಯ ದಿನ ಕಾರ್ಡು ಬಂತು. ಸಂಜೆ ಹುಡುಗಿ ಓಡಿ ಬಂದು ತೋರಿಸಿದಳು. ಹಿರಿಯರು ಕಿರಿಯರಿಗೆ ಬರೆಯುವ ಕ್ರಮ ಹೇಗೆಂದು ಅಜ್ಜ ಅಜ್ಜಿಯರೂ ನೋಡಿಕೊಳ್ಳಲಿ ಎಂದು ಅದನ್ನೂ ಇಲ್ಲಿ ಕೊಡುತ್ತೇನೆ:

ಶ್ರೀ

ಕ್ಷೇಮ

ಶಿರಸಿ
16-2-2025

ಚಿ. ಅಬಕಳಿಗೆ ಆಶೀರ್ವಾದಗಳು.

ನಿನ್ನ ಕಾಗದ ಬಂತು. ನೆನಪಿದೆ, ಕಿಟಕಿ ಪಕ್ಕದ ಎರಡನೆಯ ಬೆಂಚು. ನಿನ್ನ ಅಕ್ಷರ ಆಗಲೂ ಬಲಕ್ಕೆ ವಾಲುತ್ತಿತ್ತು, ಈಗಲೂ ವಾಲುತ್ತದೆ. 34 ಬಂದದ್ದು ಬರೆದದ್ದು ಒಳ್ಳೆಯದಾಯಿತು. ಹೋದ 46 ಅಂಕಗಳನ್ನು ಎರಡು ಪಟ್ಟಿ ಮಾಡು. ಗೊತ್ತಿದ್ದೂ ತಪ್ಪಿದ್ದು ಒಂದು ಕಡೆ, ಗೊತ್ತೇ ಇಲ್ಲದ್ದು ಇನ್ನೊಂದು ಕಡೆ. ಮೊದಲನೆಯದಕ್ಕೆ ಹಿಂದಕ್ಕೆ ಹೋಗುವುದು ಸಾಕು. ಎರಡನೆಯದಕ್ಕೆ ನಿನ್ನ ಈಗಿನ ಟೀಚರ್ ಹತ್ತಿರ ಹೋಗು, ನಾಚಬೇಡ. ಬೀಳ್ಕೊಡುಗೆ ನನಗೂ ಆಗಲಿಲ್ಲ, ಇದೇ ಆಯಿತು ಅಂದುಕೊಂಡೆ. ಧೈರ್ಯವಾಗಿ ಬರೆ. ಒಳ್ಳೆಯದಾಗಲಿ. ಶುಭಮಸ್ತು.

ಹುಡುಗಿ ಅಂದೇ ಉತ್ತರ ಪತ್ರಿಕೆ ತೆಗೆದು ಕೂತಳು. ಗೊತ್ತಿದ್ದೂ ತಪ್ಪಿದ್ದು 17 ಅಂಕ, ಗೊತ್ತೇ ಇಲ್ಲದ್ದು 29. ಚಿಹ್ನೆ ಬದಲಿಸುವಾಗ ಕಳೆದದ್ದು, ಪ್ರಶ್ನೆಯ ಅಂಕಿ ತಪ್ಪಾಗಿ ಇಳಿಸಿಕೊಂಡದ್ದು, ಇಂಥವೇ ಆ 17ರಲ್ಲಿ ಹೆಚ್ಚು. ಉಳಿದ 29ರಲ್ಲಿ ಬಹುಪಾಲು ರೇಖಾಗಣಿತದ ಪ್ರಮೇಯಗಳು. ಮರುದಿನ ಈಗಿನ ಟೀಚರ್ ಹತ್ತಿರ ಆ ಪಟ್ಟಿ ಹಿಡಿದು ಹೋದಳು. ಟೀಚರ್ ಊಟದ ಬಿಡುವಿನಲ್ಲಿ ದಿನಕ್ಕೊಂದು ಪ್ರಮೇಯ ಹೇಳಿಕೊಟ್ಟರಂತೆ. 600 ಅಂಕಕ್ಕೆ ಆಶೀರ್ವಾದ ಬೇಡಿದ್ದ ಆ ಮೊದಲ ಕರಡಿಗೆ ಮೇಷ್ಟ್ರು ಈ ಉತ್ತರ ಬರೆಯಲು ದಾರಿಯೇ ಇರಲಿಲ್ಲ.

ಮೇ ತಿಂಗಳಲ್ಲಿ ಫಲಿತಾಂಶ ಬಂದಾಗ ಎರಡನೆಯ ಕಾಗದ ಬರೆಯಬೇಕು, ಅಂಕ ಹೆಚ್ಚಿರಲಿ ಕಡಿಮೆ ಇರಲಿ. ಆಶೀರ್ವಾದ ಮಾಡಿದವರು ಕಾಯುತ್ತಿರುತ್ತಾರೆ, ಬಾಯಿಬಿಟ್ಟು ಕೇಳುವುದಿಲ್ಲ. ಇದಕ್ಕೆ ಮೂರು ಸಾಲಿನ ಕಾರ್ಡು ಸಾಕು. ನಮ್ಮ ಹುಡುಗಿ ನಮಸ್ಕಾರದ ಸಾಲಾದ ಮೇಲೆ ಹೀಗೆ ಬರೆದಳು: ‘ಗಣಿತದಲ್ಲಿ ನೂರಕ್ಕೆ 74 ಬಂದಿದೆ. ಒಂದು ಸಮೀಕರಣದಲ್ಲಿ ಹಿಂದಕ್ಕೆ ಹೋದಾಗ ಸೊನ್ನೆ ಬರಲಿಲ್ಲ, ತಪ್ಪು ಹುಡುಕಿ ತಿದ್ದಿದೆ. ಅಕ್ಷರ ಮಾತ್ರ ಇನ್ನೂ ವಾಲುತ್ತಿದೆ.’